ಅನುಭವ ಪತ್ರದಲ್ಲಿ ದಿನಾಂಕವೂ ತಪ್ಪು, ಹುದ್ದೆಯೂ ಅರ್ಧಂಬರ್ಧ: ಎಚ್‌ಆರ್‌ಗೆ ಏನಂತ ಬರೆಯೋದು?

ಪ್ರಶ್ನೆ

ಹಳೆಯ ಕಂಪನಿಯಿಂದ ಎಕ್ಸ್‌ಪೀರಿಯನ್ಸ್ ಲೆಟರ್ ಬಂತು. ನಾನು ಟ್ರೈನಿಯಾಗಿ ಸೇರಿದ್ದು 2019ರ ಜುಲೈ 8. ಕನ್ಫರ್ಮ್ ಆಗಿದ್ದು 2020ರ ಜನವರಿ 8, ಬಡ್ತಿ ಸಿಕ್ಕಿದ್ದು 2022ರ ಏಪ್ರಿಲ್ 1. ಕೊನೆಯ ಕೆಲಸದ ದಿನ 2025ರ ಮಾರ್ಚ್ 14. ಲೆಟರ್‌ನಲ್ಲಿ ಇರೋದು ಒಂದೇ ಸಾಲು: "08/01/2020ರಿಂದ 31/03/2025ರವರೆಗೆ ಸೀನಿಯರ್ ಅಸೋಸಿಯೇಟ್". ಡೇಟಾಬೇಸ್ ನೋಡಿಕೊಳ್ಳುತ್ತಿದ್ದೆ ಅನ್ನೋದು ಎಲ್ಲೂ ಇಲ್ಲ. ಮಾರ್ಚ್ 24ಕ್ಕೆ ಹೊಸ ಕಡೆ ಸೇರಿದ್ದೇನೆ, ಮುಂದೆ ಕೆನಡಾ ಪಿಆರ್‌ಗೂ ಅರ್ಜಿ ಹಾಕಬೇಕು. ಎಚ್‌ಆರ್‌ಗೆ ಏನಂತ ಬರೆದರೆ ಸರಿಯಾದ ಪತ್ರ ಸಿಗುತ್ತದೆ?

ಉತ್ತರ (ಎಚ್‌ಆರ್ ಆಪರೇಷನ್ಸ್‌ನಲ್ಲಿರುವ ಸದಸ್ಯೆ)

ಎರಡು ದಿನಾಂಕಗಳಲ್ಲಿ ಮೊದಲು ಸರಿಯಾಗಬೇಕಾದದ್ದು ಮಾರ್ಚ್ 31. ಈ ಪತ್ರದ ಪ್ರಕಾರ ಮಾರ್ಚ್ 24ರಿಂದ 31ರವರೆಗೆ ನೀವು ಎರಡು ಕಂಪನಿಗಳಲ್ಲಿ ಒಟ್ಟಿಗೆ ಕೆಲಸದಲ್ಲಿದ್ದಿರಿ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡುವವರು ಮೊದಲು ಹುಡುಕುವುದೇ ಇಂಥ ಅತಿಕ್ರಮಣವನ್ನು. ಅದು ಎಚ್‌ಆರ್ ಕಡೆಯ ತಪ್ಪು ಅಂತ ಅವರಿಗೆ ಗೊತ್ತಾಗುವುದಿಲ್ಲ.

ಇಂಥ ತಪ್ಪು ಆಗುವ ದಾರಿ ಹೀಗೆ. ಎಚ್‌ಆರ್ ಸಾಫ್ಟ್‌ವೇರ್‌ನಲ್ಲಿ ಒಬ್ಬ ಉದ್ಯೋಗಿಗೆ ಹಲವು ದಿನಾಂಕಗಳಿರುತ್ತವೆ: ಸೇರಿದ್ದು, ಕನ್ಫರ್ಮ್ ಆದದ್ದು, ಕೊನೆಯ ಕೆಲಸದ ದಿನ, ಲೆಕ್ಕ ಚುಕ್ತಾ ಆದ ದಿನ. ಪತ್ರದ ಟೆಂಪ್ಲೇಟ್ ಯಾವ ಜಾಗದಿಂದ ದಿನಾಂಕ ಎತ್ತಿಕೊಳ್ಳುತ್ತದೋ ಅದೇ ಅಚ್ಚಾಗುತ್ತದೆ. ನಿಮ್ಮ ಪತ್ರಕ್ಕೆ ಸೇರಿದ ದಿನದ ಬದಲು ಕನ್ಫರ್ಮ್ ಆದ ದಿನ ಬಂದಿದೆ. ಕೊನೆಯ ದಿನದ ಬದಲು ಬಂದಿರುವುದು ಬಹುಶಃ ಸಂಬಳದ ತಿಂಗಳು ಮುಗಿದ ದಿನ.

ಹಾಗಾಗಿ ಬರೀ "ಪತ್ರ ತಿದ್ದಿ ಕೊಡಿ" ಅಂತ ಕೇಳಬೇಡಿ. "ದಾಖಲೆ ತಿದ್ದಿ, ಆಮೇಲೆ ಪತ್ರ ಕೊಡಿ" ಅಂತ ಕೇಳಿ. ಮುಂದೆ ಯಾರಾದರೂ ನಿಮ್ಮ ಬಗ್ಗೆ ವಿಚಾರಿಸಿದಾಗ ಉತ್ತರಿಸುವವರು ನಿಮ್ಮ ಪತ್ರ ತೆಗೆದು ನೋಡುವುದಿಲ್ಲ, ಸಿಸ್ಟಮ್ ನೋಡಿ ಹೇಳುತ್ತಾರೆ. ಪತ್ರದಲ್ಲಿ 14 ಇದ್ದು ಸಿಸ್ಟಮ್‌ನಲ್ಲಿ 31 ಉಳಿದಿದ್ದರೆ, ಸರಿಯಾದ ಪತ್ರವನ್ನೇ ನೀವು ತಿದ್ದಿದ್ದೀರಿ ಅನ್ನೋ ಅನುಮಾನ ಬರುತ್ತದೆ. ಈಗಿನದಕ್ಕಿಂತ ಅದು ಹೆಚ್ಚು ಕಷ್ಟ.

ಪುರಾವೆಯಾಗಿ ನಾಲ್ಕು ಕಾಗದ ಸಾಕು: ನೇಮಕಾತಿ ಪತ್ರ, ಕನ್ಫರ್ಮೇಶನ್ ಪತ್ರ, ಬಡ್ತಿ ಪತ್ರ, ಮತ್ತು ಕೊನೆಯ ಕೆಲಸದ ದಿನ ನಮೂದಾಗಿರುವ ರಾಜೀನಾಮೆ ಒಪ್ಪಿಗೆಯ ಇ-ಮೇಲ್. ಪೇ ಸ್ಲಿಪ್‌ನಲ್ಲಿ ಸೇರಿದ ದಿನಾಂಕ ಇದ್ದರೆ ಅದನ್ನೂ ಸೇರಿಸಿ. ಅಲ್ಲಿ ಸರಿಯಾಗಿದ್ದರೆ ಅವರದೇ ದಾಖಲೆ ನಿಮ್ಮ ಪರ ಮಾತಾಡುತ್ತದೆ.

ಇ-ಮೇಲ್ ಹೀಗಿರಲಿ:

"ವಿಷಯ: ಉದ್ಯೋಗಿ ಸಂಖ್ಯೆ ____, ಸೇವಾ ದಿನಾಂಕ ತಿದ್ದುಪಡಿ ಮತ್ತು ಪರಿಷ್ಕೃತ ಅನುಭವ ಪತ್ರ.

ನನಗೆ ಕೊಟ್ಟಿರುವ ಅನುಭವ ಪತ್ರದಲ್ಲಿ ಸೇರಿದ ದಿನ 8 ಜನವರಿ 2020 ಎಂದಿದೆ. ನೇಮಕಾತಿ ಪತ್ರದಂತೆ ಅದು 8 ಜುಲೈ 2019. ಕೊನೆಯ ದಿನ 31 ಮಾರ್ಚ್ 2025 ಎಂದಿದೆ. ರಾಜೀನಾಮೆ ಒಪ್ಪಿಗೆಯಂತೆ ಅದು 14 ಮಾರ್ಚ್ 2025. ದಯವಿಟ್ಟು ನಿಮ್ಮ ಸಿಸ್ಟಮ್‌ನಲ್ಲಿ ಎರಡನ್ನೂ ಸರಿಪಡಿಸಿ, ಪರಿಷ್ಕೃತ ಪತ್ರ ಕೊಡಿ. ಪತ್ರದಲ್ಲಿ ಮೂರೂ ಹುದ್ದೆಗಳು ಅವುಗಳ ಅವಧಿಯೊಂದಿಗೆ ಬರಲಿ. ಸಿಸ್ಟಮ್‌ನಲ್ಲಿ ತಿದ್ದುಪಡಿ ಆದದ್ದನ್ನು ಇದೇ ಇ-ಮೇಲ್‌ಗೆ ಉತ್ತರವಾಗಿ ತಿಳಿಸಿ. ದಾಖಲೆಗಳು ಲಗತ್ತಿಸಿವೆ."

ತಿಂಗಳನ್ನು ಅಕ್ಷರದಲ್ಲೇ ಬರೆಯಲು ಹೇಳಿ. 08/01/2020 ಅಂದರೆ ಕೆಲವು ದೇಶಗಳಲ್ಲಿ ಆಗಸ್ಟ್ 1 ಅಂತ ಓದುತ್ತಾರೆ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಲಿ.

ಇನ್ನು ಹುದ್ದೆ. "ಸೀನಿಯರ್ ಅಸೋಸಿಯೇಟ್" ಅನ್ನುವುದನ್ನು ಅಳಿಸಿ "ಡೇಟಾಬೇಸ್ ಅಡ್ಮಿನಿಸ್ಟ್ರೇಟರ್" ಅಂತ ಹಾಕಿ ಅಂದರೆ ಯಾವ ಎಚ್‌ಆರ್ ಕೂಡ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಅದು ಬಡ್ತಿ ಪತ್ರದಲ್ಲಿರುವ ಹುದ್ದೆ. ಅದನ್ನು ಹಾಗೇ ಬಿಟ್ಟು, ಪಕ್ಕದಲ್ಲಿ "ಕಾರ್ಯನಿರ್ವಹಣೆ: ಡೇಟಾಬೇಸ್ ಆಡಳಿತ" ಅಂತ ಇನ್ನೊಂದು ಸಾಲು ಕೇಳಿ. ಇದಕ್ಕೆ ಸಾಮಾನ್ಯವಾಗಿ ತಕರಾರು ಬರುವುದಿಲ್ಲ.

ಪ್ರತಿಕ್ರಿಯೆ

ಮೇಡಂ, ಲೆಕ್ಕ ಚುಕ್ತಾ ಆಗದೆ ಅನುಭವ ಪತ್ರವನ್ನೇ ಕೊಡುವುದಿಲ್ಲ ಅಂತಾರಲ್ಲ. ನನ್ನದು ಲ್ಯಾಪ್‌ಟಾಪ್ ವಾಪಸ್ ಆಗಿಲ್ಲ ಅಂತ ತಡೆದಿಟ್ಟಿದ್ದಾರೆ. ಇವರು ಮೊದಲು ಕ್ಲಿಯರೆನ್ಸ್ ಮುಗಿಸಲಿ.

ಪ್ರತಿಕ್ರಿಯೆ (ಎಚ್‌ಆರ್ ಸದಸ್ಯೆ)

ನಿಮ್ಮ ಸಮಸ್ಯೆ ಬೇರೆ ಸರ್, ಇವರ ಕೈಗೆ ಪತ್ರ ಬಂದಾಗಿದೆ. ನೀವು ಲ್ಯಾಪ್‌ಟಾಪ್ ಒಪ್ಪಿಸಿದ ರಸೀದಿಯನ್ನೋ ಕೊರಿಯರ್ ಸಂಖ್ಯೆಯನ್ನೋ ಐಟಿ ವಿಭಾಗಕ್ಕೆ ಕಳಿಸಿ, ಎಚ್‌ಆರ್‌ನವರನ್ನೂ ಅದೇ ಇ-ಮೇಲ್‌ನಲ್ಲಿ ಸೇರಿಸಿ. ಕ್ಲಿಯರೆನ್ಸ್ ಎಷ್ಟೋ ಸಲ ನಿಂತಿರುವುದು ಐಟಿಯವರು ಸಿಸ್ಟಮ್‌ನಲ್ಲಿ ಟಿಕ್ ಹಾಕದೇ ಇರುವುದರಿಂದ.

ಉತ್ತರ (ವಲಸೆ ಅರ್ಜಿಗಳ ಕೆಲಸ ಮಾಡುವ ಸದಸ್ಯರು)

ದಿನಾಂಕದ ವಿಷಯದಲ್ಲಿ ಮೇಡಂ ಹೇಳಿದ್ದಕ್ಕೆ ಸೇರಿಸುವಂಥದ್ದೇನಿಲ್ಲ. ಕೆನಡಾ ಎಕ್ಸ್‌ಪ್ರೆಸ್ ಎಂಟ್ರಿಗೆ ಮಾತ್ರ ಆ ಪತ್ರ ಅಷ್ಟಕ್ಕೇ ಸಾಲದು. ಅಲ್ಲಿಗೆ ಕಂಪನಿಯ ಲೆಟರ್‌ಹೆಡ್ ಮೇಲೆ ನಿಮ್ಮ ಹೆಸರು, ಕಂಪನಿಯ ವಿಳಾಸ, ಫೋನ್, ಇ-ಮೇಲ್, ಪ್ರತಿ ಹುದ್ದೆ ಮತ್ತು ಅದರ ಅವಧಿ, ಮಾಡಿದ ಕೆಲಸಗಳು, ವಾರಕ್ಕೆ ಎಷ್ಟು ಗಂಟೆ, ವಾರ್ಷಿಕ ಸಂಬಳ ಮತ್ತು ಸೌಲಭ್ಯಗಳು, ಕೊನೆಗೆ ಸಹಿ ಹಾಕಿದವರ ಹೆಸರು ಮತ್ತು ಹುದ್ದೆ ಬೇಕು.

ಎಲ್ಲರೂ ಮರೆಯುವುದು ಗಂಟೆ. ಅವರ ಲೆಕ್ಕದಲ್ಲಿ ವಾರಕ್ಕೆ 30 ಗಂಟೆ ಇದ್ದರೆ ಪೂರ್ಣಾವಧಿ, ವರ್ಷಕ್ಕೆ 1,560 ಗಂಟೆ. ಪತ್ರದಲ್ಲಿ "ಪೂರ್ಣಾವಧಿ" ಅಂತ ಮಾತ್ರ ಇದ್ದರೆ ಅಧಿಕಾರಿ ಅದನ್ನು ತಾನಾಗಿ 40 ಗಂಟೆ ಅಂದುಕೊಳ್ಳಬೇಕಾಗಿಲ್ಲ. "ವಾರಕ್ಕೆ 40 ಗಂಟೆ" ಅಂತ ಬರೆಸಿ.

ಕೆಲಸದ ವಿವರವನ್ನು ಎಚ್‌ಆರ್‌ಗೆ ಬಿಡಬೇಡಿ. ನೀವು ಏನು ಮಾಡಿದಿರಿ ಅನ್ನೋದು ಅವರಿಗೆ ಗೊತ್ತಿರುವುದಿಲ್ಲ. ಐದಾರು ಸಾಲು ನೀವೇ ಬರೆದು, ಮ್ಯಾನೇಜರ್‌ಗೆ ಕಳಿಸಿ, "ಈ ವಿವರ ಸರಿಯಾಗಿದೆ" ಅಂತ ಅವರಿಂದ ಇ-ಮೇಲ್ ಪಡೆದು, ಅದನ್ನೇ ಎಚ್‌ಆರ್‌ಗೆ ಮುಂದೆ ಕಳಿಸಿ. ಸಾಲುಗಳು ಈ ಧಾಟಿಯಲ್ಲಿರಲಿ: "ಬಿಲ್ಲಿಂಗ್ ವ್ಯವಸ್ಥೆಯ ಡೇಟಾಬೇಸ್‌ಗಳ ದೈನಂದಿನ ಬ್ಯಾಕಪ್ ನಡೆಸುವುದು, ಬ್ಯಾಕಪ್‌ನಿಂದ ಮರುಸ್ಥಾಪನೆ ಪರೀಕ್ಷಿಸುವುದು." "ನಿಧಾನವಾದ ಕ್ವೆರಿಗಳನ್ನು ಗುರುತಿಸಿ ಇಂಡೆಕ್ಸ್ ಸರಿಪಡಿಸುವುದು." "ಬಳಕೆದಾರರ ಪ್ರವೇಶ ಹಕ್ಕು ಕೊಡುವುದು, ಹಿಂಪಡೆಯುವುದು." "ಡೇಟಾಬೇಸ್‌ಗೆ ಸಂಬಂಧಿಸಿದ ಎಲ್ಲ ಕೆಲಸ" ಅಂತ ಒಂದು ಸಾಲು ಬರೆದರೆ ಅಧಿಕಾರಿಗೆ ತೂಗಿ ನೋಡಲು ಏನೂ ಸಿಗುವುದಿಲ್ಲ.

ಅವರ ಉದ್ಯೋಗ ವರ್ಗೀಕರಣದ ಪುಟದಿಂದ ಸಾಲುಗಳನ್ನು ಎತ್ತಿ ಅಂಟಿಸಲೂಬೇಡಿ. ಆ ವಾಕ್ಯಗಳು ಅಧಿಕಾರಿಗೆ ಬಾಯಿಪಾಠ, ನೋಡಿದ ತಕ್ಷಣ ಗೊತ್ತಾಗುತ್ತದೆ. ಮಾಡದ ಕೆಲಸ ಸೇರಿಸಿದರೆ ಅದು ತಪ್ಪು ಮಾಹಿತಿ. ಸಿಕ್ಕಿಬಿದ್ದರೆ 5 ವರ್ಷ ಅರ್ಜಿ ಹಾಕುವಂತಿಲ್ಲ.

ಬಡ್ತಿಯ ನಂತರ ಕೆಲಸ ಬದಲಾಗಿದ್ದರೆ ಎರಡು ಪಟ್ಟಿ ಬೇಕು. ಎರಡೂ ಅವಧಿಗೆ ಒಂದೇ ಪಟ್ಟಿ ಅಂಟಿಸಿದ ಪತ್ರ ನೋಡಿದರೆ, ಹಾಗಾದರೆ ಬಡ್ತಿ ಯಾತಕ್ಕೆ ಅನ್ನೋ ಪ್ರಶ್ನೆ ಏಳುವುದು ಸಹಜ.

ಪ್ರತಿಕ್ರಿಯೆ

ಇಷ್ಟೆಲ್ಲ ಬೇಡ. ಕೆಲಸದ ವಿವರ ಬರೆದುಕೊಡುವ ಎಚ್‌ಆರ್ ಇಲ್ಲವೇ ಇಲ್ಲ. ಮ್ಯಾನೇಜರ್ ಹತ್ತಿರ ಲೆಟರ್‌ಹೆಡ್ ಮೇಲೆ ಬರೆಸಿಕೊಳ್ಳಿ, ಕೆಲಸ ಮುಗಿಯಿತು.

ಪ್ರತಿಕ್ರಿಯೆ (ಎಚ್‌ಆರ್ ಸದಸ್ಯೆ)

ಮ್ಯಾನೇಜರ್ ಬರೆದುಕೊಡಬಹುದು, ಅದು ಸರಿ. ಲೆಟರ್‌ಹೆಡ್ ಬಳಸುವ ಅಧಿಕಾರ ಅವರಿಗೆ ಇದೆಯಾ ಅನ್ನೋದೇ ಪ್ರಶ್ನೆ. ಎಷ್ಟೋ ಕಂಪನಿಗಳಲ್ಲಿ ಇಲ್ಲ. ಪರಿಶೀಲನೆಗೆ ಕೇಳಿದಾಗ ಎಚ್‌ಆರ್ "ಈ ಪತ್ರ ನಾವು ಕೊಟ್ಟದ್ದಲ್ಲ" ಅಂದರೆ ಅರ್ಜಿದಾರರೂ ಸಿಕ್ಕಿಕೊಳ್ಳುತ್ತಾರೆ, ಮ್ಯಾನೇಜರ್ ಕೆಲಸಕ್ಕೂ ಕುತ್ತು. ಅಧಿಕಾರ ಇಲ್ಲದಿದ್ದರೆ ಬಿಳಿ ಹಾಳೆಯ ಮೇಲೆ, ತಮ್ಮ ಹೆಸರಿನಲ್ಲಿ, "ಇವರು ಈ ಅವಧಿಯಲ್ಲಿ ನನ್ನ ಕೈಕೆಳಗೆ ಕೆಲಸ ಮಾಡಿದರು" ಅಂತ ಬರೆದು ಫೋನ್, ಇ-ಮೇಲ್ ಕೊಡಲಿ.

ಪ್ರಶ್ನೆ ಕೇಳಿದವರು

ಇ-ಮೇಲ್ ಕಳಿಸಿದೆ. ದಿನಾಂಕ ಎರಡೂ ಸರಿಮಾಡಿದರು, ಸಿಸ್ಟಮ್‌ನಲ್ಲೂ ಆಗಿದೆ ಅಂತ ಬರೆದರು. ಮೂರು ಹುದ್ದೆಗಳೂ ಬಂದವು. ಕೆಲಸದ ವಿವರ, ಗಂಟೆ, ಸಂಬಳ ಮಾತ್ರ "ನಮ್ಮ ನಿಗದಿತ ನಮೂನೆಯಲ್ಲಿ ಇಲ್ಲ" ಅಂದರು.

ಪ್ರತಿಕ್ರಿಯೆ (ಎಚ್‌ಆರ್ ಸದಸ್ಯೆ)

ಅದೇ ಪತ್ರದೊಳಗೆ ತುರುಕಿ ಅಂತ ಹಟ ಹಿಡಿಯಬೇಡಿ. ಅನುಭವ ಪತ್ರದ ನಮೂನೆಯನ್ನು ಕಾನೂನು ವಿಭಾಗ ಒಪ್ಪಿರುತ್ತದೆ, ಎಚ್‌ಆರ್‌ನಲ್ಲಿ ಕೂತವರಿಗೆ ಅದನ್ನು ಮುಟ್ಟುವ ಅಧಿಕಾರ ಇರುವುದಿಲ್ಲ. "ವೀಸಾ ಉದ್ದೇಶಕ್ಕಾಗಿ ಉದ್ಯೋಗ ದೃಢೀಕರಣ ಪತ್ರ" ಅಂತ ಪ್ರತ್ಯೇಕವಾಗಿ ಕೇಳಿ ನೋಡಿ. ಹಲವು ಕಡೆ ಅದಕ್ಕೆ ಬೇರೆಯೇ ನಮೂನೆ ಇರುತ್ತದೆ, ಅದರಲ್ಲಿ ಸಂಬಳ, ಗಂಟೆ ಎರಡೂ ಬರುತ್ತವೆ. ಮ್ಯಾನೇಜರ್ ಒಪ್ಪಿಗೆಯ ಇ-ಮೇಲ್ ಜೊತೆಗಿದ್ದರೆ ಕೆಲಸದ ವಿವರವನ್ನು ಅನುಬಂಧವಾಗಿ ಕೊಡುವವರೂ ಇದ್ದಾರೆ.

ಪ್ರತಿಕ್ರಿಯೆ (ವಲಸೆ ಅರ್ಜಿಗಳ ಸದಸ್ಯರು)

ಅದೂ ಆಗದಿದ್ದರೆ ಎಚ್‌ಆರ್ ನಿರಾಕರಿಸಿದ ಇ-ಮೇಲ್ ಅನ್ನು ಜೋಪಾನ ಮಾಡಿ. ಈಗಿರುವ ಅನುಭವ ಪತ್ರ, ಮ್ಯಾನೇಜರ್ ಹೇಳಿಕೆ, ನೇಮಕಾತಿ ಮತ್ತು ಬಡ್ತಿ ಪತ್ರಗಳು, ಪ್ರತಿ ಹುದ್ದೆಯ ಅವಧಿಯ ಕೆಲವು ಪೇ ಸ್ಲಿಪ್, ಇಷ್ಟರ ಜೊತೆ ಕಂಪನಿ ವಿವರ ಕೊಡಲಿಲ್ಲ ಅಂತ ತಿಳಿಸುವ ಒಂದು ಪುಟದ ವಿವರಣೆ ಹಾಕಿ. ಒಪ್ಪುವುದು ಬಿಡುವುದು ಅಧಿಕಾರಿಗೆ ಬಿಟ್ಟದ್ದು. ಆದರೆ ಕೇಳಿದ್ದಕ್ಕೂ ನಿರಾಕರಿಸಿದ್ದಕ್ಕೂ ಪುರಾವೆ ಇಲ್ಲದ ವಿವರಣೆ ತುಂಬ ದುರ್ಬಲ.

ಪ್ರಶ್ನೆ ಕೇಳಿದವರು

ಸರಿ ಸರ್, ದೃಢೀಕರಣ ಪತ್ರ ಕೇಳುತ್ತೇನೆ. ಟ್ರೈನಿಯಾಗಿದ್ದ ಆರು ತಿಂಗಳು ಅನುಭವದ ಲೆಕ್ಕಕ್ಕೆ ಬರುತ್ತದಾ?

ಪ್ರತಿಕ್ರಿಯೆ

ಬರುವುದಿಲ್ಲ. ಟ್ರೈನಿ ಅಂದರೆ ಕಲಿಯುವವರು.

ಪ್ರತಿಕ್ರಿಯೆ (ವಲಸೆ ಅರ್ಜಿಗಳ ಸದಸ್ಯರು)

ಹಾಗೆ ಒಂದೇ ಮಾತಿಗೆ ಹೇಳಲಾಗದು. ಸಂಬಳ ಕೊಟ್ಟು, ಪೂರ್ಣಾವಧಿ, ಅದೇ ಡೇಟಾಬೇಸ್ ಕೆಲಸ ಮಾಡಿಸಿದ್ದರೆ ಲೆಕ್ಕಕ್ಕೆ ಹಿಡಿಯಲು ಆಧಾರ ಇದೆ. ಆರು ತಿಂಗಳೂ ತರಗತಿಯಲ್ಲೇ ಕೂರಿಸಿದ್ದರೆ ನಾನಾದರೆ ಹಿಡಿಯುವುದಿಲ್ಲ.

ಪ್ರತಿಕ್ರಿಯೆ (ಎಚ್‌ಆರ್ ಸದಸ್ಯೆ)

ಹೊಸ ಉದ್ಯೋಗದ ಅರ್ಜಿಗಳಲ್ಲೂ ಒಂದೊಂದು ಕಡೆ ಒಂದೊಂದು ರೀತಿ ನೋಡುತ್ತಾರೆ. ಹಾಗಾಗಿ "ಟ್ರೈನಿ" ಪದ ತೆಗೆಸಲು ಹೋಗಬೇಡಿ, ನೇಮಕಾತಿ ಪತ್ರದಲ್ಲಿ ಅದು ಇದ್ದೇ ಇದೆ. ಆ ಆರು ತಿಂಗಳಿಗೂ ಪ್ರತ್ಯೇಕ ಕೆಲಸದ ಪಟ್ಟಿ ಬರೆದು, ಪ್ರಾಜೆಕ್ಟ್‌ಗೆ ಸೇರಿದ ದಿನಾಂಕ ಹಾಕಿ ಮ್ಯಾನೇಜರ್‌ಗೆ ಕಳಿಸಿ. ಆಗ ನಿಮ್ಮ ಮ್ಯಾನೇಜರ್ ಆಗಿದ್ದವರು ಬೇರೆಯವರಾಗಿದ್ದರೆ ಅವರಿಂದಲೇ ಒಪ್ಪಿಗೆ ಬರಬೇಕು. ಅವರು ಇನ್ನೂ ಕಂಪನಿಯಲ್ಲಿರುವಾಗಲೇ ಕೇಳಿಬಿಡಿ.