ಒಂದೇ ಬಜೆಟ್, ಇಬ್ಬರು ಫಂಡರ್‌ಗಳು: ಹೆಡ್‌ಗಳು ಹೊಂದುತ್ತಿಲ್ಲ, ಯೂರೋ ಲೆಕ್ಕದಲ್ಲಿ ₹8,000 ವ್ಯತ್ಯಾಸ

ರೇಖಾ_ಕೊಪ್ಪಳ

ಎಲ್ಲರಿಗೂ ನಮಸ್ಕಾರ. ಕೊಪ್ಪಳದ ಕಡೆ ಒಂದು ಸಣ್ಣ ಸಂಸ್ಥೆಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಕೆರೆ ಹೂಳು ತೆಗೆಸುವುದು, ಆ ಕೆರೆ ನೀರು ನಂಬಿದ ರೈತರಿಗೆ ತರಬೇತಿ ಕೊಡುವುದು, ಇಷ್ಟೇ ಯೋಜನೆ. ದುಡ್ಡು ಮಾತ್ರ ಎರಡು ಕಡೆಯಿಂದ ಬರುತ್ತದೆ. ಒಂದು ಜರ್ಮನಿಯ ಟ್ರಸ್ಟ್, 40,000 ಯೂರೋ, ಒಪ್ಪಂದದಲ್ಲಿ ಯೂರೋಗೆ ₹90 ಅಂತ ಹಾಕಿ ₹36 ಲಕ್ಷದ ಬಜೆಟ್. ಇನ್ನೊಂದು ಬೆಂಗಳೂರಿನ ಕಂಪನಿಯ ಸಿಎಸ್ಆರ್, ₹24 ಲಕ್ಷ.

ಜರ್ಮನಿಯವರ ಫಾರ್ಮ್ಯಾಟ್‌ನಲ್ಲಿ ಹೆಡ್‌ಗಳು ಸಿಬ್ಬಂದಿ, ಪ್ರಯಾಣ, ಸಲಕರಣೆ, ಚಟುವಟಿಕೆ, ಆಡಳಿತ. ವರದಿ ಯೂರೋದಲ್ಲಿ, ಜನವರಿಯಿಂದ ಡಿಸೆಂಬರ್. ಸಿಎಸ್ಆರ್‌ನವರದ್ದು ಕೆಲಸದ ಪ್ರಕಾರ: ಕೆರೆ ಕಾಮಗಾರಿ, ತರಬೇತಿ, ಮೇಲ್ವಿಚಾರಣೆ. ಸಂಬಳ ಅಂತ ಬೇರೆ ಹೆಡ್ಡೇ ಇಲ್ಲ. ಏಪ್ರಿಲ್‌ನಿಂದ ಮಾರ್ಚ್. ಈಗ ಎರಡು ಎಕ್ಸೆಲ್ ಫೈಲ್ ಇಟ್ಟುಕೊಂಡಿದ್ದೇವೆ. ಒಂದರಲ್ಲಿ ಏನಾದರೂ ಬದಲಾಯಿಸಿದರೆ ಇನ್ನೊಂದರಲ್ಲಿ ಒಟ್ಟು ಮೊತ್ತ ತಪ್ಪುತ್ತದೆ.

ಅದಕ್ಕಿಂತ ತಲೆ ತಿನ್ನುತ್ತಿರುವುದು ಯೂರೋ ವರದಿ. ಮೊದಲ ಕಂತು 20,000 ಯೂರೋ ಬಂತು, ಬ್ಯಾಂಕಿನಲ್ಲಿ ₹17,60,000 ಜಮಾ, ಅಂದರೆ ₹88. ಎರಡನೇ ಕಂತು 16,000 ಯೂರೋ, ₹14,72,000 ಜಮಾ, ಅಂದರೆ ₹92. ಉಳಿದ 4,000 ಇನ್ನೂ ಬಂದಿಲ್ಲ. ಖರ್ಚು ₹28,00,000. ಒಪ್ಪಂದದಲ್ಲೂ 90, ಎರಡು ಕಂತಿನ ಸರಾಸರಿಯೂ 90 ಅಂತ 90ರಿಂದ ಭಾಗಿಸಿದೆ, ಖರ್ಚು 31,111 ಯೂರೋ ಬಂತು. ಉಳಿದದ್ದು 4,889 ಯೂರೋ, ಅಂದರೆ ₹4,40,000. ಆದರೆ ಪಾಸ್‌ಬುಕ್ಕಿನಲ್ಲಿ ಇರುವುದು ₹4,32,000! ಎಂಟು ಸಾವಿರ ಎಲ್ಲಿ ಹೋಯಿತು? ವೋಚರ್ ಎಲ್ಲಾ ಸರಿ ಇವೆ.

ಪ್ರಕಾಶ್_ಲೆಕ್ಕ

ಮೇಡಂ, ಎಕ್ಸ್‌ಚೇಂಜ್ ರೇಟ್‌ಗೆ ಪ್ರತಿ ದಿನದ ರೆಫರೆನ್ಸ್ ರೇಟ್ ಪ್ರಕಟ ಆಗುತ್ತದಲ್ವಾ, ಅದನ್ನೇ ಹಾಕಿ, ಯಾರೂ ಪ್ರಶ್ನೆ ಮಾಡುವುದಿಲ್ಲ. ಮತ್ತೆ ಸಿಎಸ್ಆರ್ ದುಡ್ಡಿನಲ್ಲಿ ಆಡಳಿತ ಖರ್ಚು ಶೇ 5 ದಾಟಬಾರದು, ಅದು ಕಾನೂನು. ಅದಕ್ಕೇ ಅವರು ಸಂಬಳದ ಹೆಡ್ ಇಟ್ಟಿಲ್ಲ. ನೀವು ಕೋಆರ್ಡಿನೇಟರ್ ಸಂಬಳ ಅಲ್ಲಿ ಹಾಕಲೇಬೇಡಿ, ಪೂರ್ತಿ ಜರ್ಮನಿಗೆ ಹಾಕಿಬಿಡಿ.

ನಜ್ಮಾ_ಬೀದರ್

ನಮ್ಮದೂ ಇದೇ ಗೋಳು. ನಮಗೆ ಅಮೆರಿಕದಿಂದ ಡಾಲರ್‌ನಲ್ಲಿ ಬರುತ್ತದೆ. ಈ ಸಲ ರೂಪಾಯಿ ಇಳಿದಿದ್ದರಿಂದ ಬಜೆಟ್‌ಗಿಂತ ಜಾಸ್ತಿ ರೂಪಾಯಿ ಬಂತು. ಅದನ್ನು ನಮ್ಮ ಸಾಮಾನ್ಯ ಖರ್ಚಿಗೆ ಬಳಸಬಹುದಾ? ಟ್ಯಾಲಿಯಲ್ಲಿ ಎರಡು ಕರೆನ್ಸಿ ಹೇಗೆ ಸೆಟ್ ಮಾಡುವುದು ಅಂತಲೂ ಯಾರಾದರೂ ಹೇಳಿದರೆ ರೇಖಾ ಅವರಿಗೂ ಉಪಯೋಗ ಆಗುತ್ತದೆ.

ಶಿವಾನಂದ_ಧಾರವಾಡ

ರೇಖಾ ಅವರೇ, ದುಡ್ಡು ಎಲ್ಲೂ ಹೋಗಿಲ್ಲ. ಸರಾಸರಿ ತೆಗೆದ ರೀತಿ ಸರಿಯಿಲ್ಲ, ಅಷ್ಟೇ. ₹88ಕ್ಕೆ ಬಂದದ್ದು 20,000 ಯೂರೋ, ₹92ಕ್ಕೆ ಬಂದದ್ದು 16,000 ಮಾತ್ರ. ಎರಡಕ್ಕೂ ಸಮ ತೂಕ ಕೊಟ್ಟರೆ ತಾಳೆ ಹೇಗೆ ಆಗಬೇಕು? ಒಟ್ಟು ₹32,32,000ವನ್ನು ಒಟ್ಟು 36,000ದಿಂದ ಭಾಗಿಸಿ, 89.7778 ಬರುತ್ತದೆ. ಆ ದರದಲ್ಲಿ ನಿಮ್ಮ ಖರ್ಚು 31,188.12 ಯೂರೋ, ಉಳಿಕೆ 4,811.88. ಅದನ್ನು ಅದೇ ದರದಿಂದ ಗುಣಿಸಿ ನೋಡಿ, ಸರಿಯಾಗಿ ₹4,32,000. ದರವನ್ನು 89.78 ಅಂತ ದುಂಡು ಮಾಡಬೇಡಿ, ಭಾಗಾಕಾರವನ್ನು ಸೆಲ್‌ನಲ್ಲೇ ಇರಲು ಬಿಡಿ. ಇಲ್ಲದಿದ್ದರೆ ಇನ್ನೊಂದು ಚಿಲ್ಲರೆ ವ್ಯತ್ಯಾಸ ಹುಟ್ಟಿಕೊಳ್ಳುತ್ತದೆ.

ಆದರೆ ಇದನ್ನೇ ಕಣ್ಣು ಮುಚ್ಚಿ ಹಾಕಬೇಡಿ. ಮೊದಲು ಒಪ್ಪಂದ ತೆಗೆದು ನೋಡಿ. ಕೆಲವರು ಮೊದಲು ಬಂದ ಕಂತು ಮೊದಲು ಖರ್ಚಾಯಿತು ಅಂತ ಲೆಕ್ಕ ಹಾಕಿ ಅನ್ನುತ್ತಾರೆ. ಆಗ ₹17,60,000ದವರೆಗಿನ ಖರ್ಚು 20,000 ಯೂರೋ, ಮಿಕ್ಕ ₹10,40,000 ಮಾತ್ರ 92ರಲ್ಲಿ, 11,304.35. ಒಟ್ಟು 31,304.35. ಇದರಲ್ಲೂ ಉಳಿಕೆ ₹4,32,000ಕ್ಕೇ ತಾಳೆ ಆಗುತ್ತದೆ. ಎರಡು ದಾರಿಯೂ ಸರಿ, ಒಪ್ಪಂದ ಯಾವುದನ್ನು ಕೇಳುತ್ತದೋ ಅದು ನಿಮ್ಮದು. ಒಪ್ಪಂದದಲ್ಲಿ ಏನೂ ಬರೆದಿಲ್ಲದಿದ್ದರೆ ಇಮೇಲ್ ಮಾಡಿ ಬರಹದಲ್ಲಿ ಉತ್ತರ ತರಿಸಿಕೊಳ್ಳಿ, ವರ್ಷದ ಮಧ್ಯೆ ಬದಲಾಯಿಸಬೇಡಿ. ಬಜೆಟ್ ದರ 90 ಇದೆಯಲ್ಲ, ಅದು ಯೋಜನೆ ಹಾಕುವಾಗಿನ ಅಂದಾಜು. ಬಂದ ದುಡ್ಡಿಗೆ ಅದು ಅನ್ವಯಿಸುವುದಿಲ್ಲ.

ಪ್ರಕಾಶ್ ಅವರೇ, ರೆಫರೆನ್ಸ್ ರೇಟ್‌ಗೆ ದುಡ್ಡು ಬಂದಿಲ್ಲ ಅಲ್ವಾ. ಬ್ಯಾಂಕ್ ತನ್ನ ದರದಲ್ಲಿ ಬದಲಾಯಿಸಿ ಜಮಾ ಮಾಡಿದೆ. ಬೇರೆ ದರ ಹಾಕಿದರೆ ಪಾಸ್‌ಬುಕ್ಕಿಗೂ ವರದಿಗೂ ಯಾವತ್ತೂ ತಾಳೆ ಆಗುವುದಿಲ್ಲ. ಫಂಡರ್ರೇ ಅಂಥ ದರ ಬೇಕು ಅಂದರೆ ಮಾತ್ರ ಹಾಕಿ, ಆಗ ವಿನಿಮಯ ವ್ಯತ್ಯಾಸ ಅಂತ ಪ್ರತ್ಯೇಕ ಸಾಲು ತೋರಿಸಬೇಕು. ಶೇ 5ರ ಮಾತೂ ಅರ್ಧ ಸರಿ. ಆ ಮಿತಿ ಇರುವುದು ಕಂಪನಿ ತನ್ನ ಸಿಎಸ್ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ. ಯೋಜನೆ ನಡೆಸುವ ಸಂಸ್ಥೆಯ ನೇರ ಖರ್ಚಿಗಲ್ಲ. ಕಂಪನಿ ತನ್ನ ಕರಾರಿನಲ್ಲಿ ಬೇರೆ ಮಿತಿ ಹಾಕಿದ್ದರೆ ಅದು ಬೇರೆ ವಿಷಯ. ತರಬೇತಿ ಕೊಡುವ ಕೋಆರ್ಡಿನೇಟರ್ ಸಂಬಳವನ್ನು ಸಿಎಸ್ಆರ್‌ನಿಂದ ಕೈಬಿಡಲು ಕಾರಣವೇ ಇಲ್ಲ.

ನಜ್ಮಾ ಅವರೇ, ಜಾಸ್ತಿ ಬಂದ ರೂಪಾಯಿಯೂ ಅದೇ ಯೋಜನೆಯ ವಿದೇಶಿ ದೇಣಿಗೆ. ದುಡ್ಡು ಕೊಟ್ಟ ಫಂಡರ್‌ಗೆ ಬರೆದು, ಯಾವ ಕೆಲಸಕ್ಕೆ ಬಳಸುತ್ತೀರಿ ಅಂತ ಹೇಳಿ ಒಪ್ಪಿಗೆ ಪಡೆದುಕೊಳ್ಳಿ. ಟ್ಯಾಲಿ ಪ್ರಶ್ನೆಗೆ ಬೇರೆ ಚರ್ಚೆ ತೆರೆದರೆ ಒಳ್ಳೆಯದು, ಇಲ್ಲಿ ಕಲಸಿಹೋಗುತ್ತದೆ.

ರೇಖಾ_ಕೊಪ್ಪಳ

ತುಂಬಾ ಥ್ಯಾಂಕ್ಸ್ ಸರ್. ಒಪ್ಪಂದದ ಅನುಬಂಧದಲ್ಲಿ ಸರಾಸರಿ ಅಂತ ಇದೆ, ಕಂತಿನ ಮೊತ್ತದ ತೂಕದ ಪ್ರಕಾರ ಅಂತಲೂ ಸಣ್ಣ ಅಕ್ಷರದಲ್ಲಿ ಇದೆ. ಹೆಡ್‌ಗಳ ವಿಷಯ ಹೇಗೆ? ಕೋಆರ್ಡಿನೇಟರ್ ಸಂಬಳ ತಿಂಗಳಿಗೆ ₹30,000. ಅರವತ್ತು ಪಾಲು ಜರ್ಮನಿ, ನಲವತ್ತು ಸಿಎಸ್ಆರ್ ಅಂತ ಮಾತಾಗಿದೆ. ಸಿಎಸ್ಆರ್‌ನಲ್ಲಿ ಸಂಬಳದ ಹೆಡ್ ಇಲ್ಲವಲ್ಲ, ಎಲ್ಲಿ ಕೂರಿಸಲಿ?

ಶಿವಾನಂದ_ಧಾರವಾಡ

ಎರಡು ಫೈಲ್ ಬಿಡಿ. ಒಂದೇ ಮಾಸ್ಟರ್ ಶೀಟ್ ಮಾಡಿ, ಪೂರ್ತಿ ರೂಪಾಯಿಯಲ್ಲಿ. ಯೂರೋ ಅದರೊಳಗೆ ಬರಲೇಬಾರದು. ಫಂಡರ್‌ಗಳ ಫಾರ್ಮ್ಯಾಟ್ ಎರಡೂ ಅದರಿಂದ ತಾನಾಗಿ ತುಂಬಬೇಕು, ಅಲ್ಲಿ ಕೈಯಲ್ಲಿ ಒಂದು ಅಂಕಿಯನ್ನೂ ಟೈಪ್ ಮಾಡಬಾರದು.

ಮಾಸ್ಟರ್‌ಗೆ ನಿಯಮ ಒಂದೇ: ಒಂದು ಸಾಲು ಎರಡೂ ಫಾರ್ಮ್ಯಾಟ್‌ನಲ್ಲಿ ಒಂದೊಂದೇ ಹೆಡ್‌ಗೆ ಹೋಗಬೇಕು. ಹೋಗುತ್ತಿಲ್ಲ ಅಂದರೆ ಸಾಲನ್ನು ಒಡೆಯಿರಿ. ನಿಮ್ಮ ಕೋಆರ್ಡಿನೇಟರ್ ಸಂಬಳ ವರ್ಷಕ್ಕೆ ₹3,60,000. ಜರ್ಮನಿಯ ಪಾಲು ₹2,16,000, ಅದು ಸಿಬ್ಬಂದಿ ಹೆಡ್‌ಗೆ, ಒಂದು ಸಾಲು. ಸಿಎಸ್ಆರ್ ಪಾಲು ₹1,44,000. ಆ ಪಾಲಿನ ಸಮಯದಲ್ಲಿ ಕೋಆರ್ಡಿನೇಟರ್ ನಿಜವಾಗಿ ಏನು ಮಾಡುತ್ತಾರೆ ಅಂತ ಕೇಳಿ. ಮುಕ್ಕಾಲು ಭಾಗ ತರಬೇತಿ, ಕಾಲು ಭಾಗ ಕೆರೆ ಕೆಲಸ ನೋಡಿಕೊಂಡು ಬರುವುದು ಅಂದರೆ ₹1,08,000 ತರಬೇತಿಗೆ, ₹36,000 ಮೇಲ್ವಿಚಾರಣೆಗೆ, ಎರಡು ಸಾಲು. ಒಟ್ಟು ಮೂರು. ಈ ಪಾಲಿಗೆ ಆಧಾರ ಟೈಮ್‌ಶೀಟ್. ಪ್ರತಿ ತಿಂಗಳು ಅವರು ಸಹಿ ಹಾಕಿದ್ದು ಇರಬೇಕು. ಟೈಮ್‌ಶೀಟ್‌ನಲ್ಲಿ ಅರ್ಧರ್ಧ ಇದ್ದು ವರದಿಯಲ್ಲಿ ಅರವತ್ತು-ನಲವತ್ತು ಇದ್ದರೆ ಆಡಿಟರ್ ಮೊದಲು ಹಿಡಿಯುವುದೇ ಅದನ್ನು.

ಪ್ರತಿ ಸಾಲಿನ ಎದುರು ಜರ್ಮನಿಯ ಹೆಡ್ ಕೋಡ್ ಒಂದು ಕಾಲಂ, ಸಿಎಸ್ಆರ್ ಹೆಡ್ ಕೋಡ್ ಒಂದು ಕಾಲಂ, ಇಬ್ಬರ ಮೊತ್ತಕ್ಕೆ ಒಂದೊಂದು. ಎಫ್ ಕಾಲಂನಲ್ಲಿ ಜರ್ಮನಿಯ ಕೋಡ್, ಜೆ ಕಾಲಂನಲ್ಲಿ ಅವರ ಮೊತ್ತ ಇದೆ ಅಂದುಕೊಳ್ಳಿ. ಅವರ ಫಾರ್ಮ್ಯಾಟ್‌ನ ಎ5ರಲ್ಲಿ ಹೆಡ್ ಕೋಡ್, ಬಿ2ರಲ್ಲಿ ವಿನಿಮಯ ದರ. ಆಗ:

```
=SUMIFS(Master!$J:$J, Master!$F:$F, $A5)/$B$2
```

ಸಿಎಸ್ಆರ್ ಶೀಟ್‌ಗೂ ಇದೇ ಥರ, ಎಫ್ ಮತ್ತು ಜೆ ಬದಲು ಸಿಎಸ್ಆರ್‌ನ ಕೋಡ್ ಮತ್ತು ಮೊತ್ತದ ಕಾಲಂ ಹಾಕಿ, ಭಾಗಾಕಾರ ಬೇಡ. ಇಬ್ಬರ ವರ್ಷ ಬೇರೆ ಇರುವುದರಿಂದ ಮೊತ್ತವನ್ನು ಮೂರು ಮೂರು ತಿಂಗಳಿಗೆ ಒಡೆದು ಇಟ್ಟುಕೊಳ್ಳಿ. ಜನವರಿ–ಮಾರ್ಚ್ ಜರ್ಮನಿಯ ಮೊದಲ ಕಾಲು, ಸಿಎಸ್ಆರ್‌ನ ಕೊನೆಯ ಕಾಲು. ವರ್ಷದ ಒಟ್ಟು ಮಾತ್ರ ಇಟ್ಟಿದ್ದರೆ ಬೇರ್ಪಡಿಸಲು ಆಗುವುದೇ ಇಲ್ಲ.

ಇನ್ನೊಂದು ಕಾಲಂ ಮರೆಯಬೇಡಿ: ವಿದೇಶಿ ದೇಣಿಗೆಯ ಕಾನೂನು ಎಫ್‌ಸಿಆರ್‌ಎ ಪ್ರಕಾರ ಇದು ಆಡಳಿತ ಖರ್ಚಾ, ಹೌದು ಅಥವಾ ಅಲ್ಲ. 2020ರ ತಿದ್ದುಪಡಿಯಿಂದ ಆ ಮಿತಿ ಶೇ 50ರಿಂದ 20ಕ್ಕೆ ಇಳಿದಿದೆ. ಅದನ್ನು ನೋಡುವುದು ಆ ಹಣಕಾಸು ವರ್ಷದಲ್ಲಿ ಬಂದ ವಿದೇಶಿ ದೇಣಿಗೆ ಮೇಲೆ, ಏಪ್ರಿಲ್‌ನಿಂದ ಮಾರ್ಚ್. ಫಂಡರ್‌ನ ಆಡಳಿತ ಹೆಡ್ಡೇ ಬೇರೆ, ಕಾನೂನಿನ ಆಡಳಿತ ಖರ್ಚೇ ಬೇರೆ. ಕಚೇರಿ ಬಾಡಿಗೆ, ವಾಹನ ಓಡಿಸುವ ಖರ್ಚು, ಲೆಕ್ಕ ಬರೆಯುವ ಖರ್ಚು ಕಾನೂನಿನ ಲೆಕ್ಕದಲ್ಲಿ ಆಡಳಿತ. ನಿಮ್ಮ ಸಂಬಳವನ್ನು ಜರ್ಮನಿಯವರು ಸಿಬ್ಬಂದಿ ಹೆಡ್‌ನಲ್ಲಿ ಖುಷಿಯಿಂದ ಒಪ್ಪಬಹುದು, ಆದರೂ ಅದು ಈ ಇಪ್ಪತ್ತರೊಳಗೇ ಎಣಿಕೆ. ಅವರ ಫಾರ್ಮ್ಯಾಟ್ ನೋಡಿದರೆ ಆಡಳಿತ ಕಡಿಮೆ ಇದೆ ಅನ್ನಿಸುತ್ತದೆ, ಆ ಕಾನೂನಿನ ವಾರ್ಷಿಕ ರಿಟರ್ನ್ ಎಫ್‌ಸಿ-4 ತುಂಬುವಾಗ ಮಿತಿ ದಾಟಿರುತ್ತದೆ.

ಮಂಜು_ಫೀಲ್ಡ್

ನಮ್ಮಲ್ಲಿ ಕಚೇರಿ ಬಾಡಿಗೆಯ ಗಲಾಟೆ. ₹15,000ದಲ್ಲಿ ಒಬ್ಬರ ಪಾಲು 9,000, ಇನ್ನೊಬ್ಬರದ್ದು 6,000. ಮಾಲೀಕರು ಒಂದೇ ರಸೀದಿ ಕೊಡುತ್ತಾರೆ. ಎಫ್‌ಸಿಆರ್‌ಎ ಖಾತೆಯಿಂದ ಪೂರ್ತಿ ಕೊಟ್ಟು, ಆಮೇಲೆ ಲೋಕಲ್ ಖಾತೆಯಿಂದ ಆರು ಸಾವಿರ ವಾಪಸ್ ಹಾಕಿದರೆ ಆಯಿತಲ್ವಾ?

ಶಿವಾನಂದ_ಧಾರವಾಡ

ಬೇಡವೇ ಬೇಡ ಮಂಜು. ಎಫ್‌ಸಿಆರ್‌ಎ ಖಾತೆಗೆ ದೇಶದೊಳಗಿನ ದುಡ್ಡು ಬೀಳಬಾರದು, ವಾಪಸ್ ಅಂತಲೂ ಬೀಳಬಾರದು. ಎರಡು ಖಾತೆಯಿಂದ ಎರಡು ಪಾವತಿ ಮಾಡಿ. ಮಾಲೀಕರು ಎರಡು ರಸೀದಿ ಕೊಡದಿದ್ದರೆ ಮೂಲ ರಸೀದಿಯ ಮೇಲೆ ಯಾವ ಖಾತೆಗೆ ಎಷ್ಟು ಅಂತ ಬರೆದು ಸೀಲ್ ಹಾಕಿ. ಸೀಲ್ ಇಲ್ಲದ ರಸೀದಿಯ ಜೆರಾಕ್ಸ್ ಎರಡೂ ಫೈಲ್‌ನಲ್ಲಿ ಸಿಕ್ಕಿದರೆ ಒಂದೇ ಖರ್ಚನ್ನು ಇಬ್ಬರಿಗೂ ತೋರಿಸಿದ್ದಾರೆ ಅನ್ನುತ್ತಾರೆ.

ಪ್ರಕಾಶ್_ಲೆಕ್ಕ

ಶೇ 5ರ ವಿಷಯ ಗೊತ್ತಾಯಿತು ಸರ್. ಆದರೆ ಬಾಡಿಗೆಗೆ ಉಲ್ಟಾ ಮಾಡಬಹುದಲ್ಲ? ಲೋಕಲ್ ಖಾತೆಯಿಂದ ಮೊದಲು ಕೊಟ್ಟು, ಎಫ್‌ಸಿಆರ್‌ಎಯಿಂದ ಅದರ ಪಾಲು ಲೋಕಲ್‌ಗೆ ಹಾಕುವುದು. ನಮ್ಮ ಆಡಿಟರ್ ಒಪ್ಪಿದ್ದಾರೆ.

ಶಿವಾನಂದ_ಧಾರವಾಡ

ಕೆಲವರು ಒಪ್ಪುತ್ತಾರೆ, ನಾನು ಒಪ್ಪುವುದಿಲ್ಲ. ವಿದೇಶಿ ದುಡ್ಡು ಲೋಕಲ್ ಖಾತೆ ಸೇರಿದ ಮೇಲೆ ಅದು ಬಾಡಿಗೆಗೇ ಹೋಯಿತು ಅಂತ ತೋರಿಸುವುದು ಕಷ್ಟ. ನಿಮ್ಮ ಆಡಿಟರ್ ಹತ್ತಿರ ಅದನ್ನು ಬರಹದಲ್ಲಿ ಕೇಳಿ ನೋಡಿ.

ರೇಖಾ_ಕೊಪ್ಪಳ

ಮಾಸ್ಟರ್ ಶೀಟ್ ಆಯಿತು. ಖರ್ಚು 31,188.12, ಉಳಿಕೆ 4,811.88, ಪಾಸ್‌ಬುಕ್‌ಗೆ ತಾಳೆ ಆಗಿದೆ. ಆಡಳಿತದ ಕಾಲಂ ಹಾಕಿ ನೋಡಿದರೆ ನನ್ನ ಸಂಬಳ, ಬಾಡಿಗೆ, ಜೀಪಿನ ಡೀಸೆಲ್ ಸೇರಿ ಶೇ 18 ಆಗುತ್ತಿದೆ. ಜರ್ಮನಿಯ ಫಾರ್ಮ್ಯಾಟ್‌ನಲ್ಲಿ ಆಡಳಿತ ಶೇ 7 ಅಂತ ಕಾಣುತ್ತಿತ್ತು! ಈಗ ಒಂದೇ ಪ್ರಶ್ನೆ ಉಳಿದಿದೆ. ಮೂರನೇ ಕಂತಿನ 4,000 ಯೂರೋ ಬಂದ ಮೇಲೆ ಸರಾಸರಿ ಬದಲಾಗುತ್ತದೆ. ಆಗ ಈಗಾಗಲೇ ಕಳಿಸಿದ ಮಧ್ಯಂತರ ವರದಿಯ ಯೂರೋ ಅಂಕಿಗಳನ್ನೂ ತಿದ್ದಬೇಕಾ, ಇಲ್ಲ ಅಂತಿಮ ವರದಿಯಲ್ಲಿ ಮಾತ್ರ ಹೊಸ ದರ ಹಾಕಿದರೆ ಸಾಕಾ?

ಶಿವಾನಂದ_ಧಾರವಾಡ

ಇದರಲ್ಲಿ ಒಬ್ಬೊಬ್ಬ ಫಂಡರ್ ಒಂದೊಂದು ಥರ. ಕಳಿಸಿದ ವರದಿ ಹಾಗೇ ಇರಲಿ, ಅಂತಿಮದಲ್ಲಿ ಪೂರ್ತಿ ಅವಧಿಗೆ ಹೊಸ ಸರಾಸರಿ ಹಾಕಿ ಅನ್ನುವವರನ್ನು ನೋಡಿದ್ದೇನೆ, ಹಳೆಯ ಅವಧಿಯನ್ನು ಮುಟ್ಟಲೇಬೇಡಿ ಅನ್ನುವವರನ್ನೂ ನೋಡಿದ್ದೇನೆ. ಕಂತು ಬರುವ ಮೊದಲೇ ಅವರಿಗೆ ಬರೆದು ಕೇಳಿ. ಏನು ಉತ್ತರ ಬಂತು ಅಂತ ಇಲ್ಲೂ ಹಾಕಿ.