ಬ್ರೈಟ್‌ನೆಸ್ ಇಳಿಸಿದರೆ ತಲೆನೋವು: ಮಾನಿಟರ್ ಫ್ಲಿಕರ್ ಕುರಿತ ಪ್ರಶ್ನೋತ್ತರ

ಪ್ರಶ್ನೆ, ಶಿವಮೊಗ್ಗದ ಸದಸ್ಯೆ: ಮನೆಯಲ್ಲೇ ಕೂತು ಕರಡು ತಿದ್ದುವ ಕೆಲಸ ನನ್ನದು. ಹೋದ ತಿಂಗಳು 22 ಇಂಚಿನ ಹಳೆಯ ಎಲ್‌ಇಡಿ ಮಾನಿಟರ್ ಒಂದನ್ನು ಕೊಂಡೆ. ಹಗಲು ಬ್ರೈಟ್‌ನೆಸ್ 90ರಲ್ಲಿದ್ದರೆ ಏನೂ ತೊಂದರೆಯಿಲ್ಲ. ರಾತ್ರಿ ಹಿತವಾಗಿರಲೆಂದು 20ಕ್ಕೆ ಇಳಿಸಿದರೆ ಅರ್ಧ ಗಂಟೆಯೊಳಗೆ ಹುಬ್ಬಿನ ಮೇಲೆ ನೋವು ಶುರುವಾಗುತ್ತದೆ. ಕನ್ನಡಕದ ನಂಬರ್ ಸರಿಯಿದೆ ಎಂದು ವೈದ್ಯರು ಹೇಳಿದ್ದಾರೆ. ಬೆಳಕು ಕಡಿಮೆಯಾದಾಗ ನೋವು ಹೆಚ್ಚುವುದು ಹೇಗೆ?

ಒಬ್ಬ ಸದಸ್ಯರು: ಇದು ಫ್ಲಿಕರ್ ಸಮಸ್ಯೆಯೇ ಮೇಡಂ. ನಿಮ್ಮದು 60 ಹರ್ಟ್ಸ್ ಮಾನಿಟರ್ ಇರಬೇಕು. 144 ಹರ್ಟ್ಸ್‌ನದನ್ನು ತೆಗೆದುಕೊಂಡರೆ ಸರಿಹೋಗುತ್ತದೆ.

ಉತ್ತರ, ಮಾನಿಟರ್ ಮತ್ತು ಟಿವಿ ಪ್ಯಾನಲ್ ದುರಸ್ತಿ ಮಾಡುವವರು: ಮೇಲಿನ ಸದಸ್ಯರು ರೋಗವನ್ನು ಸರಿಯಾಗಿ ಗುರುತಿಸಿದ್ದಾರೆ, ಮದ್ದು ಮಾತ್ರ ಬೇರೆ ರೋಗದ್ದು. ಅವರು ಹೇಳುವ 60 ಅಥವಾ 144 ಎಂಬುದು ಚಿತ್ರ ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಎಂಬ ಲೆಕ್ಕ. ನಿಮಗೆ ನೋವು ತರುತ್ತಿರುವುದು ಬಹುಶಃ ಚಿತ್ರದ ಹಿಂದೆ ಉರಿಯುವ ಬ್ಯಾಕ್‌ಲೈಟ್, ಅದರ ಲೆಕ್ಕವೇ ಬೇರೆ. 144 ಹರ್ಟ್ಸ್ ಪ್ಯಾನಲ್‌ಗೂ ಮಿಣುಕುವ ಬ್ಯಾಕ್‌ಲೈಟ್ ಇರಬಹುದು.

ಬಹಳಷ್ಟು ಹಳೆಯ ಎಲ್‌ಇಡಿ ಮಾನಿಟರ್‌ಗಳಲ್ಲಿ ಬ್ರೈಟ್‌ನೆಸ್ ಇಳಿಸಿದಾಗ ದೀಪ ಮಂದವಾಗುವುದಿಲ್ಲ, ಪೂರ್ಣ ಪ್ರಖರತೆಯಲ್ಲೇ ಉರಿದು ಆರಿ, ಉರಿದು ಆರಿ ಕಣ್ಣಿಗೆ ಮಂದವೆನಿಸುವಂತೆ ಮಾಡುತ್ತದೆ. ಪಿಡಬ್ಲ್ಯುಎಂ ಎನ್ನುವುದು ಇದಕ್ಕೇ. ಸೆಕೆಂಡಿಗೆ 240 ಸಲ ಹೀಗಾಗುತ್ತದೆ ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ ಸುಮಾರು 4.2 ಮಿಲಿಸೆಕೆಂಡ್. ಬ್ರೈಟ್‌ನೆಸ್ 90ರಲ್ಲಿದ್ದಾಗ ಅದರಲ್ಲಿ 0.4 ಮಿಲಿಸೆಕೆಂಡ್ ಮಾತ್ರ ಕತ್ತಲು. 20ಕ್ಕೆ ಇಳಿಸಿದರೆ 0.8 ಮಿಲಿಸೆಕೆಂಡ್ ಬೆಳಕು, ಉಳಿದ 3.3 ಮಿಲಿಸೆಕೆಂಡ್ ಪೂರ್ಣ ಕತ್ತಲು. ಹಗಲಿಗಿಂತ ರಾತ್ರಿ ನಿಮ್ಮ ತಲೆ ನೋಯುವುದು ಈ ಕಾರಣಕ್ಕಿರಬಹುದು. ಕಣ್ಣು ಒಂದೇ ಕಡೆ ನೆಟ್ಟಿರುವಾಗ ಈ ಮಿಣುಕು ಕಾಣುವುದಿಲ್ಲ, ಆದರೆ ಓದುವಾಗ ದೃಷ್ಟಿ ಪದದಿಂದ ಪದಕ್ಕೆ ಜಿಗಿಯುತ್ತಲೇ ಇರುತ್ತದೆ, ಆ ಜಿಗಿತದ ನಡುವೆ ಅಕ್ಷರಗಳ ಬಿಂಬ ತುಂಡುತುಂಡಾಗಿ ಬೀಳುತ್ತದೆ. ಕರಡು ತಿದ್ದುವವರ ಕಣ್ಣು ದಿನವಿಡೀ ಮಾಡುವುದು ಇದೇ ಕೆಲಸ.

ಊಹೆಯ ಮೇಲೆ ಹಣ ಖರ್ಚು ಮಾಡುವ ಮೊದಲು ಪರೀಕ್ಷಿಸಿ ನೋಡಿ. ಖಾಲಿ ಬಿಳಿ ಪುಟವನ್ನು ಪರದೆಯ ತುಂಬ ತೆರೆದು, ಬ್ರೈಟ್‌ನೆಸ್ 20ಕ್ಕಿಟ್ಟು, ಕೋಣೆಯ ದೀಪ ಆರಿಸಿ. ಫೋನ್ ಕ್ಯಾಮೆರಾವನ್ನು ಪ್ರೊ ಮೋಡ್‌ಗೆ ಹಾಕಿ, ಶಟರ್ 1/1000 ಅಥವಾ ಅದಕ್ಕಿಂತ ವೇಗವಾಗಿಟ್ಟು, ಫ್ರೇಮ್ ತುಂಬ ಪರದೆಯೇ ಬರುವಷ್ಟು ಹತ್ತಿರದಿಂದ ಫೋಟೊ ತೆಗೆಯಿರಿ. ಪಿಡಬ್ಲ್ಯುಎಂ ಇದ್ದರೆ ಕಪ್ಪು ಪಟ್ಟಿಗಳು ಮೂಡುತ್ತವೆ. ನಂತರ ಬ್ರೈಟ್‌ನೆಸ್ 100ಕ್ಕೆ ಏರಿಸಿ ಮತ್ತೆ ತೆಗೆಯಿರಿ. ಪಟ್ಟಿ ಮಾಯವಾದರೆ ಪಿಡಬ್ಲ್ಯುಎಂ ಇರುವುದು ಖಚಿತ.

ಮಿಣುಕಿನ ವೇಗವನ್ನು ತಿಳಿಯಲು ನಮ್ಮ ಕಡೆ ಒಂದು ಸುಲಭದ ಅಳತೆಗೋಲೂ ಇದೆ. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್, 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಅದರ ಬೆಳಕು ಬಿದ್ದ ಬಿಳಿ ಗೋಡೆಯನ್ನು ಅದೇ ಫೋನಿನಲ್ಲಿ, ಅದೇ ಮೋಡ್‌ನಲ್ಲಿ ತೆಗೆದು, ಎರಡು ಫೋಟೊಗಳ ಪಟ್ಟಿಗಳನ್ನು ಎಣಿಸಿ ಹೋಲಿಸಿ.

ಇನ್ನೊಬ್ಬ ಸದಸ್ಯೆ: ನನಗೂ ಹೀಗೆಯೇ ಆಗುತ್ತಿತ್ತು, ನೀಲಿ ಬೆಳಕು ತಡೆಯುವ ಕನ್ನಡಕ ಹಾಕಿದೆ. ಈಗ ಹೊಸ ಓಎಲ್‌ಇಡಿ ಫೋನ್ ತೆಗೆದುಕೊಂಡ ಮೇಲೆ ಆ ಕನ್ನಡಕವಿದ್ದರೂ ರಾತ್ರಿ ತಲೆ ಸುತ್ತುತ್ತದೆ.

ಉತ್ತರ: ಆ ಕನ್ನಡಕ ಬೆಳಕಿನ ಬಣ್ಣವನ್ನು ತುಸು ಬದಲಿಸುತ್ತದೆ ಅಷ್ಟೇ. ಉರಿದು ಆರುವ ದೀಪ ಅದರ ಹಿಂದೆಯೂ ಉರಿದು ಆರುತ್ತಲೇ ಇರುತ್ತದೆ. ನಿಮ್ಮ ಫೋನಿನ ಪರದೆಯನ್ನೂ ಇನ್ನೊಂದು ಫೋನಿನಿಂದ ಹೀಗೆಯೇ ಪರೀಕ್ಷಿಸಬಹುದು. ಬಹಳಷ್ಟು ಓಎಲ್‌ಇಡಿ ಫೋನ್‌ಗಳು ಕಡಿಮೆ ಬ್ರೈಟ್‌ನೆಸ್‌ನಲ್ಲಿ ಪಿಡಬ್ಲ್ಯುಎಂ ಬಳಸುತ್ತವೆ, ಕೆಲವು ಮಾದರಿಗಳ ಸೆಟ್ಟಿಂಗ್ಸ್‌ನಲ್ಲಿ ಅದನ್ನು ತಗ್ಗಿಸುವ ಆಯ್ಕೆಯೂ ಇದೆ, ಹುಡುಕಿ ನೋಡಿ.

ಪ್ರಶ್ನೆ ಕೇಳಿದವರು: ಪರೀಕ್ಷೆ ಮಾಡಿದೆ ಸರ್. ಗೋಡೆಯ ಫೋಟೊದಲ್ಲಿ ಎರಡೂವರೆ ಪಟ್ಟಿ, ಮಾನಿಟರ್‌ನ ಫೋಟೊದಲ್ಲಿ ಆರು. 100ಕ್ಕೆ ಏರಿಸಿದಾಗ ಒಂದೂ ಇಲ್ಲ. ಆದರೆ ರಾತ್ರಿ 100ರಲ್ಲಿ ಕೂರಲು ಸಾಧ್ಯವೇ? ಕಣ್ಣು ಕುಕ್ಕುತ್ತದೆ.

ಉತ್ತರ: ಎರಡೂವರೆಗೆ 100 ಆದರೆ ಆರಕ್ಕೆ 240. ಎಂಜಿನಿಯರುಗಳ ಅಂತಾರಾಷ್ಟ್ರೀಯ ಸಂಸ್ಥೆಯಾದ ಐಇಇಇ 2015ರಲ್ಲಿ ಎಲ್‌ಇಡಿ ದೀಪಗಳಿಗೆಂದು ಪ್ರಕಟಿಸಿದ 1789 ಸಂಖ್ಯೆಯ ಶಿಫಾರಸಿನ ಪ್ರಕಾರ, ಪೂರ್ತಿ ಆರಿ ಉರಿಯುವ ದೀಪದ ವೇಗ 1250 ಹರ್ಟ್ಸ್‌ಗಿಂತ ಮೇಲಿದ್ದರೆ ಅಪಾಯ ಕಡಿಮೆ. ನಿಮ್ಮದು ಅದರ ಐದನೇ ಒಂದು ಭಾಗದಷ್ಟೂ ಇಲ್ಲ.

ಆದ್ದರಿಂದ ಮಾನಿಟರ್‌ನ ಬ್ರೈಟ್‌ನೆಸ್ 100ರಲ್ಲೇ ಇರಲಿ. ಬೆಳಕನ್ನು ಬೇರೆ ದಾರಿಯಿಂದ ಇಳಿಸೋಣ. ಮಾನಿಟರ್ ಮೆನುವಿನಲ್ಲಿರುವ ಕಾಂಟ್ರಾಸ್ಟ್ ಅನ್ನು ಹಿತವೆನಿಸುವವರೆಗೆ ಇಳಿಸುವುದು ಎಲ್ಲಕ್ಕಿಂತ ಸುಲಭ, ಅದು ಬ್ಯಾಕ್‌ಲೈಟನ್ನು ಮುಟ್ಟುವುದಿಲ್ಲ. ಲಿನಕ್ಸ್‌ನ ಎಕ್ಸ್11ನಲ್ಲಿ ಕೆಲಸ ಮಾಡುವವರು ಈ ಆದೇಶ ಕೊಡಬಹುದು, ವೇಲ್ಯಾಂಡ್‌ನಲ್ಲಿ ಇದು ನಡೆಯುವುದಿಲ್ಲ:

```
xrandr --output HDMI-1 --brightness 0.65
```

HDMI-1 ಜಾಗದಲ್ಲಿ ನಿಮ್ಮ ಪರದೆಯ ಹೆಸರು ಹಾಕಿ, ಬರೀ xrandr ಎಂದು ಕೊಟ್ಟರೆ ಅದು ಕಾಣುತ್ತದೆ. ಈ ಆದೇಶ ಪರದೆಗೆ ಹೋಗುವ ಸಂಕೇತವನ್ನೇ 0.65ರಿಂದ ಗುಣಿಸುತ್ತದೆ. ಕಣ್ಣಿಗೆ ಬರುವ ಬೆಳಕು ಮಾತ್ರ ಸುಮಾರು ಶೇ. 39ಕ್ಕೆ ಇಳಿಯುತ್ತದೆ, ಏಕೆಂದರೆ ಸಂಕೇತಕ್ಕೂ ಬೆಳಕಿಗೂ ನೇರ ಅನುಪಾತವಿಲ್ಲ. ಪೂರ್ಣ ಪ್ರಖರತೆ 250 ನಿಟ್ಸ್ ಇರುವ ಮಾನಿಟರ್ ಹೀಗೆ 100 ನಿಟ್ಸ್ ಹತ್ತಿರ ಬರುತ್ತದೆ, ರಾತ್ರಿ ಓದಲು ಅಷ್ಟು ಸಾಕು. ಇದಕ್ಕೆ ಬೆಲೆಯೂ ಇದೆ. ಕಪ್ಪು ಮೊದಲಿನಷ್ಟೇ ಬೆಳ್ಳಗಿದ್ದು ಬಿಳಿ ಮಾತ್ರ ಮಂಕಾಗುವುದರಿಂದ 1000ಕ್ಕೆ ಒಂದಿದ್ದ ಅಂತರ 390ಕ್ಕೆ ಒಂದಾಗುತ್ತದೆ. ಫೋಟೊ ತಿದ್ದುವವರಿಗೆ ಇದು ಒಪ್ಪಿಗೆಯಾಗುವುದಿಲ್ಲ, ಅಕ್ಷರ ಓದುವವರಿಗೆ ನಡೆಯುತ್ತದೆ.

ಒಂದು ಎಚ್ಚರಿಕೆ: ಟಾಸ್ಕ್‌ಬಾರ್‌ನಲ್ಲಿ ಕುಳಿತು ಬ್ರೈಟ್‌ನೆಸ್ ಇಳಿಸುವ ಕೆಲವು ತಂತ್ರಾಂಶಗಳು ಕೇಬಲ್ ಮೂಲಕ ಮಾನಿಟರ್‌ನ ಒಳಗಿನ ಬ್ರೈಟ್‌ನೆಸ್ಸನ್ನೇ ಬದಲಿಸುತ್ತವೆ. ಆಗ ಪಿಡಬ್ಲ್ಯುಎಂ ಹಿಂಬಾಗಿಲಿನಿಂದ ಮತ್ತೆ ಬಂದಂತೆ. ತಂತ್ರಾಂಶ ಹಾಕಿದ ಮೇಲೆ ಮಾನಿಟರ್‌ನ ಮೆನು ತೆರೆದು, 100 ಹಾಗೆಯೇ ಇದೆಯೇ ಎಂದು ನೋಡಿಕೊಳ್ಳಿ.

ಮೊದಲ ಸದಸ್ಯರು: ಹಾಗಾದರೆ ಡಬ್ಬದ ಮೇಲೆ ಫ್ಲಿಕರ್ ಫ್ರೀ ಎಂದು ಬರೆದಿರುವುದನ್ನು ಕೊಂಡರೆ ಮುಗಿಯಿತಲ್ಲ?

ಉತ್ತರ: ಹೆಚ್ಚಿನ ಸಲ ಮುಗಿಯುತ್ತದೆ, ಏಕೆಂದರೆ ಅಂಥವುಗಳಲ್ಲಿ ದೀಪವನ್ನು ಆರಿಸದೆ ಅದಕ್ಕೆ ಹರಿಯುವ ಕರೆಂಟನ್ನೇ ಕಡಿಮೆ ಮಾಡುತ್ತಾರೆ. ಆದರೆ ನಾನೇ ಕೊಂಡ ಒಂದು ಮಾನಿಟರ್‌ನಲ್ಲಿ ಆ ಮಾತು ಬ್ರೈಟ್‌ನೆಸ್ 25ರವರೆಗೆ ಮಾತ್ರ ನಿಜವಾಗಿತ್ತು, ಅದರ ಕೆಳಗೆ ಪಟ್ಟಿಗಳು ಮತ್ತೆ ಬಂದವು. ಅಂಗಡಿಯಲ್ಲೇ 100, 50, 20, 0ರಲ್ಲಿ ಫೋಟೊ ತೆಗೆದು ನೋಡಿ. ನಿಮ್ಮಂತೆ 144 ಹರ್ಟ್ಸ್ ಇಷ್ಟಪಡುವವರು ಮೆನುವಿನಲ್ಲಿ MPRT ಅಥವಾ Motion Blur Reduction ಎಂಬುದನ್ನೂ ಆಫ್ ಮಾಡಬೇಕು. ಆಟದ ಚಿತ್ರ ಮಸುಕಾಗದಿರಲೆಂದು ಆ ಸೆಟ್ಟಿಂಗ್ ಬ್ಯಾಕ್‌ಲೈಟನ್ನು ಬೇಕೆಂದೇ ಮಿಣುಕಿಸುತ್ತದೆ.

ಪ್ರಶ್ನೆ ಕೇಳಿದವರು: ವಾರವಾಯಿತು. ಬ್ರೈಟ್‌ನೆಸ್ 100, ಕಾಂಟ್ರಾಸ್ಟ್ 45. ಹುಬ್ಬಿನ ನೋವು ಬರುತ್ತಿಲ್ಲ. ಆದರೆ ಮಂಕು ಪುಟದಲ್ಲಿ ಸಣ್ಣ ಒತ್ತಕ್ಷರಗಳು, ಮುಖ್ಯವಾಗಿ ತ ಒತ್ತು ಮತ್ತು ನ ಒತ್ತು, ಬೇಗ ಗುರುತಾಗುತ್ತಿಲ್ಲ. ಎರಡು ಗಂಟೆಯ ನಂತರ ಕಣ್ಣು ಭಾರವೆನಿಸುವುದೂ ಇದೆ.

ಉತ್ತರ: ಕಾಂಟ್ರಾಸ್ಟ್ ಹತ್ತು ಅಂಕ ಏರಿಸಿ, ಮಾನಿಟರ್‌ನ ಹಿಂದಿನ ಗೋಡೆಗೆ ಬೆಳಕು ಬೀಳುವಂತೆ ಒಂದು ಟೇಬಲ್ ಲ್ಯಾಂಪ್ ಇಡಿ. ಕೋಣೆ ಕತ್ತಲಿರದಿದ್ದರೆ ಪರದೆಯನ್ನು ಇಷ್ಟೊಂದು ಮಂಕಾಗಿಸುವ ಅಗತ್ಯವಿರುವುದಿಲ್ಲ. ಲ್ಯಾಂಪಿನ ಬಲ್ಬನ್ನೂ ಮೊದಲು ಫೋನಿನಲ್ಲಿ ಪರೀಕ್ಷಿಸಿಬಿಡಿ. ಉಳಿದಿರುವ ಆ ಭಾರಕ್ಕೆ ಫ್ಲಿಕರ್ ಕಾರಣವೆಂದು ನನಗನ್ನಿಸುವುದಿಲ್ಲ. ಫಾಂಟಿನ ಗಾತ್ರವೂ ಇರಬಹುದು, ಕೂರುವ ದೂರವೂ ಇರಬಹುದು, ಅದನ್ನು ನಿಮ್ಮ ಕಣ್ಣಿನ ವೈದ್ಯರೊಡನೆ ಮಾತನಾಡುವುದು ಒಳ್ಳೆಯದು.