ತಾಳೆ ಆದ ಮೇಲೂ ಬಿಆರ್‌ಎಸ್ ವಾಪಸ್ ಬಂತು: ಪಾಸಾಗದ ಚೆಕ್‌ಗಳ ಲೆಕ್ಕ

ಪ್ರಶ್ನೆ (ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಲೆಕ್ಕ ಬರೆಯುವವರು)

ನಮಸ್ಕಾರ. ಮಾರ್ಚ್ 31ಕ್ಕೆ ಕ್ಯಾಶ್ ಬುಕ್‌ನ ಬ್ಯಾಂಕ್ ಕಾಲಂನಲ್ಲಿ ₹1,84,600 ಇದೆ. ಪಾಸ್‌ಬುಕ್‌ನಲ್ಲಿ ₹2,13,873. ಎರಡನ್ನೂ ತಾಳೆ ಮಾಡಲು ನಾನು ಮಾಡಿದ ಬಿಆರ್‌ಎಸ್ ಪಟ್ಟಿ ಇದು:

ನಾವು ಕೊಟ್ಟು ಪಾಸಾಗದ ಚೆಕ್ (ಕೂಡಿಸಿದ್ದು)
104388, ಡಿಸೆಂಬರ್ 9: 4,750
104512, ಮಾರ್ಚ್ 28: 18,500
104515, ಮಾರ್ಚ್ 30: 26,200
104519, ಮಾರ್ಚ್ 31: 12,000

ಡೆಪಾಸಿಟ್ ಮಾಡಿ ಜಮಾ ಆಗದ ಚೆಕ್ (ಕಳೆದಿದ್ದು)
ಮಾರ್ಚ್ 26: 9,600
ಮಾರ್ಚ್ 31: 22,400

ಬ್ಯಾಂಕ್ ಚಾರ್ಜ್ (ಕಳೆದಿದ್ದು): 177

ಸರಿಯಾಗಿ 2,13,873 ಬರುತ್ತದೆ. ಆದರೂ ಆಡಿಟರ್ ಆಫೀಸಿನಿಂದ "ಪ್ರತಿ ಚೆಕ್ ಯಾವತ್ತು ಪಾಸಾಯ್ತು ಅಂತ ಬರೆದು ತನ್ನಿ" ಎಂದು ವಾಪಸ್ ಕಳಿಸಿದ್ದಾರೆ. ತಾಳೆ ಆದ ಮೇಲೆ ಏನು ತಪ್ಪು?

ಯಶವಂತಪುರ, ಮಂಡಿ ಅಂಗಡಿ ಗುಮಾಸ್ತರು

ಮೊತ್ತ ಸರಿ ಇದೆಯಲ್ಲಮ್ಮ, ಅಷ್ಟೇ ಸಾಕು. ಡಿಸೆಂಬರ್ ಚೆಕ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಚೆಕ್‌ಗೆ ಆರು ತಿಂಗಳು ಟೈಮ್ ಇರುತ್ತೆ, ಜೂನ್‌ವರೆಗೂ ಪಾಸಾಗಬಹುದು. ಒಂದು ಕೆಲಸ ಮಾತ್ರ ಮಾಡಿ. ಏಪ್ರಿಲ್ ಸ್ಟೇಟ್‌ಮೆಂಟ್ ತೆಗೆಸಿ, ಈ ಪಟ್ಟಿಯ ಚೆಕ್ ನಂಬರ್ ಒಂದೊಂದಾಗಿ ಅದರಲ್ಲಿ ಟಿಕ್ ಹಾಕಿ. ನಾವು ಮೊದಲಿಂದ ಹಾಗೇ ಮಾಡೋದು.

ಬಸವನಗುಡಿ, ಸಿಎ

ಏಪ್ರಿಲ್ ಸ್ಟೇಟ್‌ಮೆಂಟ್ ನೋಡಿ ಎಂದು ಸರ್ ಹೇಳಿದ್ದು ಸರಿಯಾದ ದಾರಿ. ಆಡಿಟರ್ ಕೇಳಿರುವುದೂ ಅದನ್ನೇ. ಆದರೆ ಆರು ತಿಂಗಳ ಮಾತು ಹಳೆಯದು. 2012ರ ಏಪ್ರಿಲ್ 1ರಿಂದ ಚೆಕ್ ಮೇಲಿನ ತಾರೀಖಿನಿಂದ ಮೂರೇ ತಿಂಗಳು. 104388ರ ಅವಧಿ ಮಾರ್ಚ್ 9ಕ್ಕೇ ಮುಗಿದಿದೆ. ಅದನ್ನು "ಇನ್ನೂ ಪಾಸಾಗಬೇಕು" ಎಂದು ಬರೆಯುವ ಹಾಗಿಲ್ಲ, ಯಾಕೆಂದರೆ ಅದು ಇನ್ನು ಪಾಸಾಗುವುದೇ ಇಲ್ಲ.

ಮೇಡಂ, ಮೊತ್ತ ತಾಳೆ ಆದರೆ ಗೊತ್ತಾಗುವುದು ಇಷ್ಟೇ: ಎರಡು ಪುಸ್ತಕಗಳ ನಡುವಿನ ವ್ಯತ್ಯಾಸದ ಸಾಲುಗಳೆಲ್ಲ ನಿಮಗೆ ಸಿಕ್ಕಿವೆ. ಆ ಸಾಲು ಅಲ್ಲಿ ಯಾಕಿದೆ ಅನ್ನುವುದು ಬೇರೆ ವಿಷಯ. ಬರೀ ಸಮಯದ ವ್ಯತ್ಯಾಸ ಆಗಿದ್ದರೆ ಕೆಲವೇ ದಿನಗಳಲ್ಲಿ ಅದು ಬ್ಯಾಂಕಿನಲ್ಲಿ ಕಾಣಿಸುತ್ತದೆ. ಕಾಣಿಸದಿದ್ದರೆ ಸರಿ ಮಾಡಬೇಕಾದ್ದು ನಿಮ್ಮ ಕ್ಯಾಶ್ ಬುಕ್.

ಮೂರು ವಿಷಯ ನೋಡಿ ಹೇಳಿ. 104512, 104515, 104519 ಏಪ್ರಿಲ್‌ನಲ್ಲಿ ಯಾವತ್ತು ಪಾಸಾದವು? ಮಾರ್ಚ್ 26ರ 9,600 ಇವತ್ತಿಗಾದರೂ ಜಮಾ ಆಗಿದೆಯಾ? ಆ 177 ರೂಪಾಯಿ ಯಾವ ತಾರೀಖಿನದು, ಎದುರಿಗೆ ಏನು ಬರೆದಿದೆ?

ಪೀಣ್ಯ, ವರ್ಕ್‌ಶಾಪ್ ಮಾಲೀಕರು

ಬ್ಯಾಂಕಿನವರು ಚೆಕ್ ತಡ ಮಾಡಿದರೆ ಬರೆದು ದೂರು ಕೊಡಿ ಮೇಡಂ, ಬಿಡಬೇಡಿ. ನನಗೂ ಹೀಗೇ ಆಗಿತ್ತು. ಮೊಬೈಲ್‌ನಲ್ಲಿ ಬ್ಯಾಲೆನ್ಸ್ ನೋಡಿದೆ, ದುಡ್ಡು ಇತ್ತು, ಕಬ್ಬಿಣದ ಪಾರ್ಟಿಗೆ ಚೆಕ್ ಬರೆದೆ. ಎರಡು ವಾರದ ಹಿಂದೆ ಬೇರೆಯವರಿಗೆ ಕೊಟ್ಟಿದ್ದ ಚೆಕ್ ಅದೇ ದಿನ ಬಂದುಬಿಡ್ತು. ಹೊಸ ಚೆಕ್ ಬೌನ್ಸ್ ಆಯ್ತು.

ಬಸವನಗುಡಿ, ಸಿಎ

ಸರ್, ನಿಮ್ಮ ವಿಷಯದಲ್ಲಿ ಬ್ಯಾಂಕ್ ತಡ ಮಾಡಿಲ್ಲ, ಆ ಪಾರ್ಟಿ ಚೆಕ್ ಹಾಕಿದ್ದೇ ತಡ. ಮೊಬೈಲ್‌ನಲ್ಲಿ ಕಾಣುವುದು ಬ್ಯಾಂಕಿನ ಬ್ಯಾಲೆನ್ಸ್. ಕೊಟ್ಟು ಇನ್ನೂ ಪಾಸಾಗದ ಚೆಕ್‌ಗಳನ್ನು ಅದರಲ್ಲಿ ಕಳೆದು ಆಮೇಲೆ ಹೊಸ ಚೆಕ್ ಬರೆಯಿರಿ. ಈ ಪಟ್ಟಿ ಬೇಕಾಗುವುದು ವರ್ಷದ ಕೊನೆಗೆ ಮಾತ್ರ ಅಲ್ಲ, ನಿಮ್ಮಂಥವರಿಗೆ ಪ್ರತಿ ವಾರ ಬೇಕು.

ಪ್ರಶ್ನೆ ಕೇಳಿದವರು

ನೋಡಿದೆ ಸರ್. 104515 ಏಪ್ರಿಲ್ 2ಕ್ಕೆ, 104512 ಏಪ್ರಿಲ್ 7ಕ್ಕೆ ಪಾಸಾಗಿವೆ. 31ರ 22,400 ಕೂಡ ಏಪ್ರಿಲ್ 2ಕ್ಕೆ ಜಮಾ. 104519 ಇನ್ನೂ ಆಗಿಲ್ಲ. ಓನರ್ ಹತ್ತಿರ ಕೇಳಿದರೆ ಅದು ಅವರ ಮೇಜಿನ ಡ್ರಾಯರ್‌ನಲ್ಲೇ ಇದೆ! ಸ್ವಿಚ್ ಬಾಕ್ಸ್ ಮಾಲು ಪೂರ್ತಿ ಬಂದ ಮೇಲೆ ಕೊಡೋಣ ಅಂತ ಇಟ್ಟಿದ್ದಾರಂತೆ. 9,600 ಜಮಾ ಆಗೇ ಇಲ್ಲ. 177 ಮಾರ್ಚ್ 27ರದು, ಎದುರಿಗೆ ಚೆಕ್ ರಿಟರ್ನ್ ಚಾರ್ಜ್ ಅಂತಿದೆ. ನಾನು ಸುಮ್ನೆ ಬ್ಯಾಂಕ್ ಚಾರ್ಜ್ ಅಂದುಕೊಂಡಿದ್ದೆ.

ಬಸವನಗುಡಿ, ಸಿಎ

ಆ 177ರಲ್ಲೇ ಉತ್ತರ ಇದೆ. 150 ರೂಪಾಯಿ ಚಾರ್ಜ್, ಮೇಲೆ 18% ಜಿಎಸ್‌ಟಿ 27. ನೀವು ಹಾಕಿದ 9,600ರ ಚೆಕ್ ವಾಪಸ್ ಬಂದಿದೆ. ರಿಟರ್ನ್ ಮೆಮೊ ಬ್ರಾಂಚಿನಲ್ಲೋ ನಿಮ್ಮ ಟಪಾಲಿನಲ್ಲೋ ಇರಬೇಕು, ಇವತ್ತೇ ಹುಡುಕಿ. 2025ರ ಅಕ್ಟೋಬರ್ 4ರಿಂದ ಚೆಕ್‌ಗಳು ದಿನವಿಡೀ ಕ್ಲಿಯರಿಂಗ್‌ಗೆ ಹೋಗುತ್ತಿವೆ. ಹಾಗಾಗಿ ನೀವು ಡೆಪಾಸಿಟ್ ಮಾಡಿದ ಚೆಕ್ ಐದು ದಿನ ಆದರೂ ಜಮಾ ಆಗಿಲ್ಲ ಎಂದರೆ ಅನುಮಾನ ಪಡಲೇಬೇಕು. ನೀವು ಕೊಟ್ಟ ಚೆಕ್ ವಿಷಯ ಹಾಗಲ್ಲ. ಪಾರ್ಟಿ ಅದನ್ನು ಬ್ಯಾಂಕಿಗೆ ಹಾಕುವವರೆಗೆ ಎಷ್ಟು ದಿನವಾದರೂ ಬಾಕಿ ಇರಬಹುದು, ಮೂರು ತಿಂಗಳ ಒಳಗೆ.

ಈಗ ಮೊದಲು ಕ್ಯಾಶ್ ಬುಕ್ ಸರಿ ಮಾಡಿ. ಎಲ್ಲ ಎಂಟ್ರಿಯೂ ಮಾರ್ಚ್ 31ರ ಒಳಗೇ ಬರಬೇಕು.

104519: ಡ್ರಾಯರ್‌ನಲ್ಲಿರುವ ಚೆಕ್ ಕೊಟ್ಟ ಚೆಕ್ ಅಲ್ಲ. ಪಾವತಿಯನ್ನು ರಿವರ್ಸ್ ಮಾಡಿ, 12,000 ಬ್ಯಾಂಕಿಗೆ ವಾಪಸ್, ಪಾರ್ಟಿ ಬಾಕಿ ಮತ್ತೆ ನಿಲ್ಲಲಿ. ಆಡಿಟರ್ ಜಾಸ್ತಿ ನೋಡುವುದೇ ಇಂಥದ್ದನ್ನು. ಮಾರ್ಚ್ 31ರ ತಾರೀಖು ಹಾಕಿ ಇಟ್ಟುಕೊಂಡ ಚೆಕ್‌ನಿಂದ ಸಾಲ ಕಡಿಮೆ ಕಾಣುತ್ತದೆ, ನಿಜವಾಗಿ ಕಡಿಮೆ ಆಗಿರುವುದಿಲ್ಲ. ಚೆಕ್ ಕೈಗೆ ಕೊಟ್ಟ ದಿನ ಹೊಸ ಎಂಟ್ರಿ ಹಾಕಿ.

104388: 4,750 ಕೂಡ ಬ್ಯಾಂಕಿಗೆ ವಾಪಸ್, ಪಾರ್ಟಿ ಖಾತೆಗೆ ಜಮಾ. ಇದನ್ನು ಆದಾಯ ಎಂದು ಬರೆಯಬೇಡಿ. ಚೆಕ್ ಸತ್ತಿದೆ, ಬಾಕಿ ಸತ್ತಿಲ್ಲ.

9,600: ಗಿರಾಕಿ ಖಾತೆಗೆ ಮತ್ತೆ ಖರ್ಚು ಹಾಕಿ. 177 ಕೂಡ ಕ್ಯಾಶ್ ಬುಕ್‌ಗೇ ಬರಲಿ.

1,84,600 + 12,000 + 4,750 − 9,600 − 177 = 1,91,573. ನಿಮ್ಮ ನಿಜವಾದ ಬ್ಯಾಂಕ್ ಬ್ಯಾಲೆನ್ಸ್ ಇದು, ಬ್ಯಾಲೆನ್ಸ್ ಶೀಟಿಗೆ ಹೋಗುವುದೂ ಇದೇ. ಬಿಆರ್‌ಎಸ್‌ನಲ್ಲಿ ಉಳಿಯುವುದು ಮೂರೇ ಸಾಲು. 18,500 ಮತ್ತು 26,200 ಕೂಡಿಸಿ, 22,400 ಕಳೆಯಿರಿ. ಮತ್ತೆ 2,13,873 ಬರುತ್ತದೆ. ಎರಡೂ ಪಟ್ಟಿಯಲ್ಲಿ ಕೊನೆಯ ಅಂಕಿ ಒಂದೇ. ಆದರೆ ಮೊದಲ ಪಟ್ಟಿಯ ಪ್ರಕಾರ ಬ್ಯಾಂಕ್ ಬ್ಯಾಲೆನ್ಸ್ 6,973 ಕಡಿಮೆ ತೋರಿಸುತ್ತಿದ್ದಿರಿ. ಪಾರ್ಟಿಗಳಿಗೆ ಕೊಡಬೇಕಾದ 16,750 ಮತ್ತು ಗಿರಾಕಿಯಿಂದ ಬರಬೇಕಾದ 9,600 ಪುಸ್ತಕದಲ್ಲೇ ಇರಲಿಲ್ಲ.

ಪ್ರತಿ ಸಾಲಿನ ಮುಂದೆ ಪಾಸಾದ ತಾರೀಖಿಗೆ ಒಂದು ಕಾಲಂ ಇಡಿ. ಟ್ಯಾಲಿಯಲ್ಲಿ ಬರೆಯುತ್ತಿದ್ದರೆ ಬ್ಯಾಂಕ್ ಡೇಟ್ ಜಾಗದಲ್ಲಿ ಸ್ಟೇಟ್‌ಮೆಂಟಿನ ತಾರೀಖನ್ನೇ ಹಾಕಿ, ವೋಚರ್ ತಾರೀಖನ್ನಲ್ಲ.

ಯಶವಂತಪುರ, ಮಂಡಿ ಅಂಗಡಿ ಗುಮಾಸ್ತರು

ಮೂರು ತಿಂಗಳ ವಿಷಯ ಒಪ್ಪಿದೆ ಸರ್. ಆದರೆ ಡ್ರಾಯರ್ ಚೆಕ್ ನಾನು ಒಪ್ಪಲ್ಲ. ಓನರ್ ಸೈನ್ ಹಾಕಿ ತಾರೀಖು ಬರೆದ ಮೇಲೆ ಅದು ಆ ವರ್ಷದ್ದೇ ಅಲ್ವಾ?

ಬಸವನಗುಡಿ, ಸಿಎ

ಸರ್, ಓನರ್ ನಾಳೆ ಬೆಳಿಗ್ಗೆ ಆ ಚೆಕ್ ಹರಿದು ಹಾಕಬಹುದು, ಯಾರೂ ಕೇಳಲ್ಲ. ಪಾರ್ಟಿ ಕೈಗೆ ಹೋದ ಮೇಲೆ ಹಾಗೆ ಮಾಡೋಕಾಗಲ್ಲ. ಆ ವ್ಯತ್ಯಾಸಕ್ಕೇ ರಿವರ್ಸ್ ಮಾಡಿ ಎಂದಿದ್ದು.

ಪ್ರಶ್ನೆ ಕೇಳಿದವರು

ರಿಟರ್ನ್ ಮೆಮೊ ಸಿಕ್ಕಿತು ಸರ್, ಫಂಡ್ಸ್ ಸಾಲದು ಅಂತಿದೆ. ಮೆಮೊ ನಮಗೆ ಬಂದದ್ದು ಮಾರ್ಚ್ 30ಕ್ಕೆ. ಡಿಸೆಂಬರ್ ಪಾರ್ಟಿ ಮಾತ್ರ "ನಮಗೆ ಚೆಕ್ ಬಂದೇ ಇಲ್ಲ" ಅಂತಿದ್ದಾರೆ. ಓನರ್ ಕೊರಿಯರ್ ಮಾಡಿದ್ದೇವೆ ಅಂತಾರೆ, ರಸೀದಿ ಇಲ್ಲ.

ಬಸವನಗುಡಿ, ಸಿಎ

9,600ಕ್ಕೆ ಮೊದಲು ಗಿರಾಕಿಗೆ ಫೋನ್ ಮಾಡಿ. ದುಡ್ಡು ಬರುವ ಹಾಗೆ ಕಾಣದಿದ್ದರೆ ಲಾಯರ್ ನೋಟಿಸ್ ಕಳಿಸಲು ಮೆಮೊ ಬಂದ ದಿನದಿಂದ 30 ದಿನ ಮಾತ್ರ ಇದೆ. ಏಪ್ರಿಲ್ 29 ದಾಟಲು ಬಿಡಬೇಡಿ.

4,750ರ ಚೆಕ್‌ಗೆ ಸ್ಟಾಪ್ ಪೇಮೆಂಟ್ ಬರೆದುಕೊಡಿ, ಅವಧಿ ಮುಗಿದಿದ್ದರೂ ಸರಿ. ಪಾರ್ಟಿಯಿಂದ "ಹಳೆ ಚೆಕ್ ನಮಗೆ ತಲುಪಿಲ್ಲ" ಎಂದು ಒಂದು ಕಾಗದ ತೆಗೆದುಕೊಂಡು ಹೊಸ ಚೆಕ್ ಕೊಡಿ. ಹಳೆಯದು ಎಲ್ಲಿ ಹೋಯ್ತು ಅನ್ನುವುದನ್ನು ಕೊರಿಯರ್ ಆಫೀಸಿನಲ್ಲಿ ಓನರ್ ಅವರೇ ವಿಚಾರಿಸಬೇಕು.